ಒಂದೇ ಪೋಸ್ಟ್‌ಗೆ ಎರಡು ಕ್ಯಾಪ್ಷನ್: ಯಾವುದು ಹೆಚ್ಚು ಕೆಲಸ ಮಾಡಿತು ಎಂದು ಹೇಳುವುದು ಹೇಗೆ?

ಗಾಂಧಿಬಜಾರ್_ಅವರೆ

ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿಯಲ್ಲಿ ಮನೆಯಿಂದಲೇ ಹಿತಕಿದ ಅವರೆಬೇಳೆ ಮಾರುತ್ತೇನೆ. ಅವರೆಕಾಯಿ ಕಾಲದಲ್ಲಿ, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳು ಮಾತ್ರ ನಡೆಯುವ ವ್ಯಾಪಾರವಾದ್ದರಿಂದ ಪ್ರತಿ ವಾರವೂ ನನಗೆ ಮುಖ್ಯ. ಈ ಸಲ ಇನ್‌ಸ್ಟಾಗ್ರಾಂನಲ್ಲಿ ಒಂದೇ ಫೋಟೊವನ್ನು ಎರಡು ಬೇರೆ ಕ್ಯಾಪ್ಷನ್‌ಗಳೊಂದಿಗೆ ಹಾಕಿ ನೋಡಿದೆ. ಫೋಟೊದಲ್ಲಿ ಹಿತ್ತಾಳೆ ತಟ್ಟೆ, ಅದರ ತುಂಬ ಸಿಪ್ಪೆ ಬಿಡಿಸಿದ ಬೇಳೆ, ಅಷ್ಟೆ.

ಗುರುವಾರ ಹಾಕಿದ ಕ್ಯಾಪ್ಷನ್ ಹೀಗಿತ್ತು: "ಸೊಗಡಿನ ಅವರೆಕಾಯಿ ಬಂದಿದೆ. ಅಮ್ಮ ಮಾಡುತ್ತಿದ್ದ ಹಿತಕಿದಬೇಳೆ ಸಾರಿನ ಘಮ ಮತ್ತೆ ನಿಮ್ಮ ಅಡುಗೆಮನೆಯಲ್ಲಿ ಹರಡಲಿ." ಮುಂದಿನ ಸೋಮವಾರ ಹಾಕಿದ್ದು: "ಹಿತಕಿದ ಅವರೆಬೇಳೆ, ಕಾಲು ಕೆ.ಜಿ. 100 ರೂಪಾಯಿ. ಹಿಂದಿನ ದಿನ ಸಂಜೆ ಹೇಳಿದರೆ ಬೆಳಗ್ಗೆ 7ರೊಳಗೆ ಮನೆಗೆ ತಲುಪುತ್ತದೆ."

ಗುರುವಾರದ್ದಕ್ಕೆ ರೀಚ್ 1,840 ಮತ್ತು 61 ಸೇವ್ ಬಂದವು. ಸೋಮವಾರದ್ದಕ್ಕೆ ರೀಚ್ 3,120 ಮತ್ತು 72 ಸೇವ್ ಬಂದವು. ಎರಡನೆಯದೇ ಮೇಲು ಎಂದು ನಾನು ತಿಳಿದುಕೊಂಡೆ. ಆದರೆ ಶೇಕಡಾ ಲೆಕ್ಕ ಹಾಕಿದ ನನ್ನ ಮಗಳು ಮೊದಲನೆಯದೇ ಮೇಲು ಎನ್ನುತ್ತಾಳೆ. ನಮ್ಮಿಬ್ಬರಲ್ಲಿ ಯಾರು ಸರಿ ಎಂದು ದಯವಿಟ್ಟು ತಿಳಿಸಿ.

ಪದಪ್ರೀತಿ

ನನಗೆ ಮೊದಲನೆಯದೇ ಒಳ್ಳೆಯ ಕನ್ನಡ ಎನಿಸಿತು, ಮೇಡಂ. ಎರಡನೆಯದು ಅಂಗಡಿಯ ಬೋರ್ಡಿನಂತಿದೆ. ಇನ್ನೊಂದು ಮಾತು: ಹಳೆಯ ಮೈಸೂರು ಕಡೆ "ಹಿದಕಿದ" ಎಂದೂ "ಇದಕಿದ" ಎಂದೂ ಹೇಳುವವರಿದ್ದಾರೆ. ನಿಮ್ಮ ಗಿರಾಕಿಗಳು ಯಾವುದನ್ನು ಆಡುತ್ತಾರೋ ಅದನ್ನೇ ಬರೆಯಿರಿ.

ಗಾಂಧಿಬಜಾರ್_ಅವರೆ

ಧನ್ಯವಾದಗಳು. ಆದರೆ ಭಾಷೆಯ ಸೊಗಸಿನಲ್ಲಿ ಯಾವುದು ಚೆನ್ನ ಎಂಬುದು ನನ್ನ ಪ್ರಶ್ನೆಯಲ್ಲ. ಯಾವುದನ್ನು ಓದಿದವರು ಬೇಳೆ ಕೊಳ್ಳುತ್ತಾರೆ ಎಂಬುದನ್ನು ತಿಳಿಯಬೇಕಿತ್ತು.

ಲೆಕ್ಕದಮೇಷ್ಟ್ರು

ಅಮ್ಮ, ನಿಮ್ಮ ಲೆಕ್ಕವೂ ತಪ್ಪಿಲ್ಲ, ನಿಮ್ಮ ಮಗಳ ಲೆಕ್ಕವೂ ತಪ್ಪಿಲ್ಲ. ಎಣಿಕೆಯಲ್ಲಿ 72 ದೊಡ್ಡದು. ನೂರಕ್ಕೆ ಎಷ್ಟು ಎಂದು ನೋಡಿದರೆ ಮೊದಲನೆಯದು 3.3, ಎರಡನೆಯದು 2.3. ಆದರೆ ಈ ಎರಡರಲ್ಲಿ ಯಾವುದೂ ಕ್ಯಾಪ್ಷನ್‌ನ ಬಗ್ಗೆ ಏನನ್ನೂ ಹೇಳುವುದಿಲ್ಲ. ಏಕೆಂದರೆ ಎರಡು ಪೋಸ್ಟ್‌ಗಳನ್ನು ನೋಡಿದವರು ಒಂದೇ ಬಗೆಯ ಜನರಲ್ಲ.

ನೀವು ಹೇಳುವ ಸೋಮವಾರ ಕಾರ್ತಿಕ ಮಾಸದ ಕಡೆಯ ಸೋಮವಾರವೇ ಆಗಿದ್ದರೆ, ಅದು ನಿಮ್ಮ ಮನೆಯ ಮಗ್ಗುಲಲ್ಲೇ ಕಡಲೆಕಾಯಿ ಪರಿಷೆ ನಡೆದ ದಿನ. ಬುಲ್ ಟೆಂಪಲ್ ರಸ್ತೆಗೆ ಊರಿಗೆ ಊರೇ ಬಂದಿರುತ್ತದೆ. ಬಂದವರು ಬಸವನಗುಡಿಯ ಪೋಸ್ಟ್‌ಗಳನ್ನು ಹುಡುಕಿ ನೋಡುತ್ತಿರುತ್ತಾರೆ. ನೀವು ಪೋಸ್ಟ್‌ಗೆ ಊರಿನ ಟ್ಯಾಗ್ ಹಾಕಿದ್ದಿರಾ?

ಗಾಂಧಿಬಜಾರ್_ಅವರೆ

ಹೌದು, ಅದೇ ಸೋಮವಾರ. ಎರಡಕ್ಕೂ ಬಸವನಗುಡಿ ಎಂದೇ ಟ್ಯಾಗ್ ಹಾಕಿದ್ದೆ. ಪರಿಷೆಯ ವಿಷಯ ನನಗೆ ಹೊಳೆಯಲೇ ಇಲ್ಲ.

ಲೆಕ್ಕದಮೇಷ್ಟ್ರು

ಹಾಗಿದ್ದರೆ ನಡೆದದ್ದನ್ನು ಹೀಗೆ ಊಹಿಸಬಹುದು. ಗುರುವಾರದ ಪೋಸ್ಟ್ ಬಹುಪಾಲು ನಿಮ್ಮನ್ನು ಫಾಲೋ ಮಾಡುವ ಹಳಬರಿಗೆ ತಲುಪಿತು. ಸೋಮವಾರದ ಪೋಸ್ಟ್ ಆ ಹಳಬರ ಜೊತೆಗೆ ನಿಮ್ಮ ಹೆಸರನ್ನೇ ಕೇಳದ ಸಾವಿರಾರು ಜನರಿಗೂ ತಲುಪಿತು. ಅಪರಿಚಿತರು ಸೇವ್ ಮಾಡುವುದು ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ರೀಚ್ ಹೆಚ್ಚಾದಂತೆ ಒಟ್ಟು ಸೇವ್ ಏರುತ್ತದೆ, ಶೇಕಡಾ ಮಾತ್ರ ಇಳಿಯುತ್ತದೆ. ನೀವು ಎರಡೂ ದಿನ ಒಂದೇ ಕ್ಯಾಪ್ಷನ್ ಹಾಕಿದ್ದರೂ ಇದೇ ರೀತಿಯ ಅಂಕಿ ಬರುವ ಸಾಧ್ಯತೆ ಇತ್ತು. ಇದರ ಮೇಲೆ, ಹಳಬರು ಅದೇ ಫೋಟೊವನ್ನು ನಾಲ್ಕು ದಿನಗಳ ಹಿಂದೆಯೇ ನೋಡಿದ್ದರು. ಎರಡನೆಯ ಸಲ ಕಂಡಾಗ ಅವರ ಬೆರಳು ನಿಲ್ಲದೆ ಮುಂದೆ ಸಾಗಿರುತ್ತದೆ.

ಎರಡು ಕ್ಯಾಪ್ಷನ್‌ಗಳನ್ನು ಹೋಲಿಸಬೇಕಾದರೆ ದಿನವನ್ನು ಪಾಲು ಮಾಡಬಾರದು, ಜನರನ್ನು ಪಾಲು ಮಾಡಬೇಕು. ಒಂದೇ ಹೊತ್ತಿನಲ್ಲಿ, ಯಾವ ಆಯ್ಕೆಯೂ ಇಲ್ಲದೆ ಚೀಟಿ ಎತ್ತಿದ ಹಾಗೆ ಬಿದ್ದ ಅರ್ಧ ಜನರಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು ಹೋಗಬೇಕು. ಆಗ ಪರಿಷೆ ಇದ್ದರೂ ಮಳೆ ಬಂದರೂ ಎರಡೂ ಗುಂಪಿಗೆ ಸಮನಾಗಿ ತಟ್ಟುತ್ತದೆ.

ಸಂಜೆಪೋಸ್ಟ್

ನಾನು ಇದಕ್ಕೆ ಸುಲಭದ ದಾರಿಯೊಂದನ್ನು ಬಳಸುತ್ತೇನೆ. ಒಂದು ಕ್ಯಾಪ್ಷನ್‌ನೊಂದಿಗೆ ಪೋಸ್ಟ್ ಹಾಕಿ, ಎರಡು ಗಂಟೆ ಬಿಟ್ಟು ಅದನ್ನೇ ಎಡಿಟ್ ಮಾಡಿ ಇನ್ನೊಂದು ಹಾಕುತ್ತೇನೆ. ಯಾವ ಎರಡು ಗಂಟೆಯಲ್ಲಿ ಲೈಕ್ ಹೆಚ್ಚು ಬಂತು ಎಂದು ನೋಡಿದರೆ ತಿಳಿಯುತ್ತದೆ.

ಲೆಕ್ಕದಮೇಷ್ಟ್ರು

ಆ ವಿಧಾನದಲ್ಲಿ ಬಹುತೇಕ ಪ್ರತಿ ಸಲವೂ ಮೊದಲು ಹಾಕಿದ ಕ್ಯಾಪ್ಷನ್ನೇ ಗೆದ್ದಂತೆ ಕಾಣುತ್ತದೆ, ಸರ್. ನಿಮ್ಮನ್ನು ಇಷ್ಟಪಡುವವರು ಮೊದಲ ಗಂಟೆಗಳಲ್ಲೇ ಬಂದು ಹೋಗಿರುತ್ತಾರೆ. ಮುಂದಿನ ಸಲ ಒಂದೇ ಕ್ಯಾಪ್ಷನ್ನನ್ನು ಮುಟ್ಟದೆ ನಾಲ್ಕು ಗಂಟೆ ಬಿಟ್ಟು ಮೊದಲ ಎರಡನ್ನೂ ಕೊನೆಯ ಎರಡನ್ನೂ ಹೋಲಿಸಿ ನೋಡಿ. ಅಲ್ಲಿ ಕಾಣುವ ವ್ಯತ್ಯಾಸ ನಿಮ್ಮ ಅಳತೆಗೋಲಿನ ದೋಷವೇ ಹೊರತು ಕ್ಯಾಪ್ಷನ್‌ನ ಗುಣವಲ್ಲ.

ಜಾಹೀರಾತು_ಜಯನಗರ

ಇಷ್ಟೆಲ್ಲ ತೊಂದರೆ ಏಕೆ? ದಿನಕ್ಕೆ 200 ರೂಪಾಯಿಯಂತೆ ಜಾಹೀರಾತು ಕೊಡಿ. ಒಂದೇ ಆ್ಯಡ್ ಸೆಟ್‌ನೊಳಗೆ ಎರಡೂ ಕ್ಯಾಪ್ಷನ್‌ಗಳನ್ನು ಇಡಿ. ಯಾವುದು ಚೆನ್ನಾಗಿ ನಡೆಯುತ್ತದೋ ಅದಕ್ಕೆ ಹಣವನ್ನು ಅದೇ ತಿರುಗಿಸಿಕೊಳ್ಳುತ್ತದೆ. ಮೂರು ದಿನಗಳಲ್ಲಿ ಉತ್ತರ ನಿಮ್ಮ ಕೈಯಲ್ಲಿರುತ್ತದೆ. ನಾನು ಗಿರಾಕಿಗಳಿಗೆ ಹೀಗೆಯೇ ಮಾಡಿಕೊಡುತ್ತೇನೆ.

ಲೆಕ್ಕದಮೇಷ್ಟ್ರು

ಜಾಹೀರಾತಿನಲ್ಲಿ ಜನರನ್ನು ಪಾಲು ಮಾಡಬಹುದು ಎಂಬ ಮಾತು ಸರಿ. ಆದರೆ ಒಂದೇ ಆ್ಯಡ್ ಸೆಟ್‌ನಲ್ಲಿ ಇಟ್ಟರೆ ಪಾಲು ಆಗುವುದಿಲ್ಲ. ಮೊದಲ ಕೆಲವು ನೂರು ಜನರ ಪ್ರತಿಕ್ರಿಯೆಯನ್ನು ನೋಡಿ ಅದು ಒಂದರ ಕಡೆಗೆ ವಾಲಿಬಿಡುತ್ತದೆ. ಆಮೇಲೆ ಇನ್ನೊಂದಕ್ಕೆ ಅವಕಾಶವೇ ಸಿಗುವುದಿಲ್ಲ. ಕೊನೆಗೆ ಒಂದಕ್ಕೆ 9,000, ಇನ್ನೊಂದಕ್ಕೆ 700 ಜನ ಎಂಬಂತಹ ಪಟ್ಟಿಯನ್ನು ನೀವೂ ನೋಡಿರುತ್ತೀರಿ. ಹಣವನ್ನು ಬೇಗ ಸದುಪಯೋಗ ಮಾಡುವುದು ಅದರ ಉದ್ದೇಶ. ನಿಮಗೆ ಕಲಿಸುವುದು ಅದರ ಉದ್ದೇಶವಲ್ಲ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ `A/B test` ಎಂದೇ ಪ್ರತ್ಯೇಕವಾಗಿ ಇದೆ. ಅದು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಇನ್ನೊಂದರ ಜಾಹೀರಾತು ತೋರದಂತೆ ನೋಡಿಕೊಳ್ಳುತ್ತದೆ.

ಅಲ್ಲಿಯೂ ಒಂದು ತೊಡಕು ಉಳಿಯುತ್ತದೆ. ತನ್ನ ಪಾಲಿನೊಳಗೆ ಯಾರಿಗೆ ತೋರಿಸಬೇಕೆಂಬುದನ್ನು ವ್ಯವಸ್ಥೆಯೇ ಆರಿಸುತ್ತದೆ. ಘಮದ ಕ್ಯಾಪ್ಷನ್ ಒಂದು ಬಗೆಯವರಿಗೂ ಬೆಲೆಯ ಕ್ಯಾಪ್ಷನ್ ಇನ್ನೊಂದು ಬಗೆಯವರಿಗೂ ಹೆಚ್ಚಾಗಿ ಹೋಗಬಹುದು. ಕೊನೆಯಲ್ಲಿ ಸಿಗುವ ವ್ಯತ್ಯಾಸದಲ್ಲಿ ಮಾತಿನ ಪಾಲೆಷ್ಟು, ನೋಡಿದವರ ಪಾಲೆಷ್ಟು ಎಂದು ಬಿಡಿಸಲಾಗುವುದಿಲ್ಲ.

ಜಾಹೀರಾತು_ಜಯನಗರ

ಈ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಮುಂದೆಯೂ ಅದೇ ವ್ಯವಸ್ಥೆಯ ಮೂಲಕವೇ ಜಾಹೀರಾತು ಕೊಡುವುದಾದರೆ, ಮಾತು ಗೆದ್ದಿತೋ ಜನ ಗೆದ್ದರೋ ಎಂಬುದು ನನ್ನ ಗಿರಾಕಿಗೆ ಬೇಕಿಲ್ಲ. ಆರ್ಡರ್ ಬಂದರೆ ಸಾಕು. ಒಂದೇ ಆ್ಯಡ್ ಸೆಟ್‌ನ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ.

ಲೆಕ್ಕದಮೇಷ್ಟ್ರು

ಜಾಹೀರಾತಿಗೇ ಬಳಸುವುದಾದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಇವರು ಆ ಕ್ಯಾಪ್ಷನ್ನನ್ನು ವಾಟ್ಸ್ಆ್ಯಪ್‌ನಲ್ಲೂ ಬಳಸುವವರು. ಅಮ್ಮ, ನಿಮ್ಮ ಹತ್ತಿರ ಗಿರಾಕಿಗಳ ನಂಬರ್‌ಗಳು ಎಷ್ಟಿವೆ?

ಗಾಂಧಿಬಜಾರ್_ಅವರೆ

480 ಇವೆ. ಈಗಾಗಲೇ ಎರಡು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಂಡಿದ್ದೇನೆ. ಒಂದರಲ್ಲಿ ಹಳಬರು, ಇನ್ನೊಂದರಲ್ಲಿ ಈ ವರ್ಷ ಬಂದವರು. ಒಂದು ಲಿಸ್ಟ್‌ಗೆ ಒಂದು ಕ್ಯಾಪ್ಷನ್ ಕಳುಹಿಸಿದರೆ ಆಗುತ್ತದೆಯೇ?

ಲೆಕ್ಕದಮೇಷ್ಟ್ರು

ಹಾಗೆ ಮಾಡಿದರೆ ಹಳಬರು ಗೆಲ್ಲುತ್ತಾರೆ, ಕ್ಯಾಪ್ಷನ್ ಅಲ್ಲ. ಎರಡೂ ಲಿಸ್ಟ್‌ಗಳನ್ನು ಕಲಸಿ ಹೊಸದಾಗಿ ಪಾಲು ಮಾಡಿ. ಎಲ್ಲ ನಂಬರ್‌ಗಳನ್ನೂ ಶೀಟ್‌ನಲ್ಲಿ ಹಾಕಿ, ಪಕ್ಕದ ಕಾಲಂನಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆಯಿರಿ.

```
=RAND()
```

ಬಂದ ಸಂಖ್ಯೆಗಳನ್ನು ಕಾಪಿ ಮಾಡಿ ಬರೀ ಮೌಲ್ಯವಾಗಿ ಅಲ್ಲೇ ಪೇಸ್ಟ್ ಮಾಡಿ. ಇಲ್ಲದಿದ್ದರೆ ನೀವು ಶೀಟ್ ಮುಟ್ಟಿದಾಗಲೆಲ್ಲ ಅವು ಬದಲಾಗುತ್ತವೆ, ಯಾರು ಯಾವ ಗುಂಪಿನಲ್ಲಿದ್ದರು ಎಂಬುದೇ ಕಳೆದುಹೋಗುತ್ತದೆ. ಆಮೇಲೆ ಹಳಬರನ್ನು ಪ್ರತ್ಯೇಕವಾಗಿ ಆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಅರ್ಧ ಮಾಡಿ, ಹೊಸಬರನ್ನೂ ಹಾಗೆಯೇ ಅರ್ಧ ಮಾಡಿ. ಎರಡೂ ಗುಂಪಿನಲ್ಲಿ ಹಳಬರು ಹೊಸಬರು ಸಮನಾಗಿ ಸೇರುತ್ತಾರೆ. ಒಂದೊಂದು ಲಿಸ್ಟ್‌ಗೆ 240 ಆಗುತ್ತದೆ. ವಾಟ್ಸ್ಆ್ಯಪ್ ಲಿಸ್ಟ್‌ನ ಮಿತಿ 256, ಆದ್ದರಿಂದ ತೊಂದರೆಯಿಲ್ಲ. ನಿಮ್ಮ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ತಲುಪುವುದಿಲ್ಲವಾದ್ದರಿಂದ, ಲೆಕ್ಕ ಹಾಕುವಾಗ 240 ಎನ್ನದೆ ಎಷ್ಟು ಜನರಿಗೆ ತಲುಪಿತು ಎಂಬುದನ್ನು ಮೆಸೇಜ್ ಇನ್ಫೊದಲ್ಲಿ ನೋಡಿ ತೆಗೆದುಕೊಳ್ಳಿ.

ಕಳುಹಿಸುವ ಮೊದಲೇ ಒಂದು ಕಾಗದದಲ್ಲಿ ಎರಡು ವಿಷಯ ಬರೆದಿಡಿ. ಏನನ್ನು ಎಣಿಸುತ್ತೀರಿ? ಯಾವಾಗ ಎಣಿಕೆ ನಿಲ್ಲಿಸುತ್ತೀರಿ? ಮಧ್ಯಾಹ್ನ ನೋಡಿ "ಆಹಾ, ಇದು ಮುಂದಿದೆ" ಎಂದು ಅಲ್ಲಿಗೇ ನಿಲ್ಲಿಸುವವರು ತಮಗೆ ಬೇಕಾದ ಉತ್ತರವನ್ನೇ ಪಡೆಯುತ್ತಾರೆ. ಮುನ್ನಡೆ ದಿನದಲ್ಲಿ ನಾಲ್ಕು ಸಲ ಅತ್ತಿತ್ತ ಆಗುತ್ತಿರುತ್ತದೆ.

ಪದಪ್ರೀತಿ

ಉತ್ತರ ಬಂದದ್ದನ್ನು ಎಣಿಸಿದರೆ ಸಾಕಲ್ಲವೇ?

ಲೆಕ್ಕದಮೇಷ್ಟ್ರು

ಇಲ್ಲಿ ಸಾಲದು. ಘಮದ ಕ್ಯಾಪ್ಷನ್‌ನಲ್ಲಿ ಬೆಲೆಯೇ ಇಲ್ಲ. ಆದ್ದರಿಂದ "ಎಷ್ಟಮ್ಮ?" ಎಂದು ಕೇಳಿಯೇ ಅದಕ್ಕೆ ಉತ್ತರಗಳು ಹೆಚ್ಚು ಬರುತ್ತವೆ. ಬೆಲೆಯ ಕ್ಯಾಪ್ಷನ್ ಓದಿದವರಿಗೆ ಕೇಳಲು ಏನೂ ಉಳಿದಿರುವುದಿಲ್ಲ, ನೇರವಾಗಿ "ಅರ್ಧ ಕೆ.ಜಿ. ಕಳುಹಿಸಿ" ಎನ್ನುತ್ತಾರೆ. ಉತ್ತರ ಎಣಿಸಿದರೆ ಒಂದು ಗೆಲ್ಲುತ್ತದೆ, ಆರ್ಡರ್ ಎಣಿಸಿದರೆ ಇನ್ನೊಂದು ಗೆಲ್ಲಬಹುದು. ಅಮ್ಮ, ಮರುದಿನ ರಾತ್ರಿ 9ರವರೆಗೆ ಎಷ್ಟು ಜನ ಆರ್ಡರ್ ಮಾಡಿದರು ಎಂಬುದನ್ನು ಎಣಿಸಿ. ಎಷ್ಟು ಕೆ.ಜಿ. ಎಂಬುದನ್ನು ಎಣಿಸಬೇಡಿ. ಯಾರೋ ಒಬ್ಬರು ಮನೆಯ ಸಮಾರಂಭಕ್ಕೆ ಐದು ಕೆ.ಜಿ. ಹೇಳಿದರೆ ಇಡೀ ಲೆಕ್ಕ ಒಂದು ಕಡೆಗೆ ಉರುಳಿಬಿಡುತ್ತದೆ.

ಗಾಂಧಿಬಜಾರ್_ಅವರೆ

ಶನಿವಾರ ಸಂಜೆ 6ಕ್ಕೆ ಕಳುಹಿಸಿದೆ. ಎರಡೂ ಲಿಸ್ಟ್‌ಗಳಿಗೆ ಐದು ನಿಮಿಷದೊಳಗೆ ಹೋಯಿತು. ಫೋಟೊ ಅದೇ ಹಿತ್ತಾಳೆ ತಟ್ಟೆಯದು. ಕಾಗದದಲ್ಲಿ "ಆರ್ಡರ್ ಮಾಡಿದ ಮನೆಗಳು, ಭಾನುವಾರ ರಾತ್ರಿ 9ರವರೆಗೆ" ಎಂದು ಬರೆದು ಫ್ರಿಜ್‌ಗೆ ಅಂಟಿಸಿದ್ದೆ.

ಘಮದ ಕ್ಯಾಪ್ಷನ್ 228 ಜನರಿಗೆ ತಲುಪಿತು, 38 ಜನ ಉತ್ತರಿಸಿದರು, 19 ಮನೆಗಳು ಆರ್ಡರ್ ಮಾಡಿದವು. ಬೆಲೆಯ ಕ್ಯಾಪ್ಷನ್ 231 ಜನರಿಗೆ ತಲುಪಿತು, 33 ಜನ ಉತ್ತರಿಸಿದರು, 31 ಮನೆಗಳು ಆರ್ಡರ್ ಮಾಡಿದವು. ಮೇಷ್ಟ್ರು ಹೇಳಿದಂತೆಯೇ ಆಯಿತು. ಉತ್ತರದಲ್ಲಿ ಒಂದು ಮುಂದೆ, ಆರ್ಡರ್‌ನಲ್ಲಿ ಇನ್ನೊಂದು ಮುಂದೆ.

ಒಂದು ಸಂದೇಹವಿದೆ. ಕತ್ರಿಗುಪ್ಪೆಯ ಒಬ್ಬ ಗಿರಾಕಿ ಬೆಲೆಯ ಮೆಸೇಜನ್ನು ತಮ್ಮ ಅಪಾರ್ಟ್‌ಮೆಂಟ್ ಗ್ರೂಪ್‌ಗೆ ಫಾರ್ವರ್ಡ್ ಮಾಡಿದರು. ಅಲ್ಲಿಂದ ನಾಲ್ಕು ಹೊಸ ಮನೆಗಳು ಬಂದವು. ಅವುಗಳನ್ನು 31ರಲ್ಲಿ ಸೇರಿಸಿಲ್ಲ. ಸರಿಯೇ?

ಲೆಕ್ಕದಮೇಷ್ಟ್ರು

ಸರಿ ಮಾಡಿದ್ದೀರಿ. ಆ ನಾಲ್ವರು ಯಾವ ಗುಂಪಿಗೂ ಚೀಟಿ ಎತ್ತಿ ಬಿದ್ದವರಲ್ಲ. ಆದರೆ ಆ ಗ್ರೂಪ್‌ನಲ್ಲಿ ನಿಮ್ಮ ಘಮದ ಲಿಸ್ಟ್‌ನವರು ಯಾರಾದರೂ ಇದ್ದರೆ ಅವರು ಎರಡನ್ನೂ ಓದಿದ್ದಾರೆ. ಅಂಥವರು ಎಷ್ಟು ಜನ ಎಂದು ಒಮ್ಮೆ ನೋಡಿ.

ಈಗ 31 ಮತ್ತು 19. ನೂರಕ್ಕೆ ಹದಿಮೂರು ಮತ್ತು ನೂರಕ್ಕೆ ಎಂಟು. ನೋಡಿದರೆ ದೊಡ್ಡ ಅಂತರ ಎನಿಸುತ್ತದೆ. ಗುಂಪುಗಳು ಹೆಚ್ಚುಕಡಿಮೆ ಸಮನಾಗಿದ್ದು, ನೂರರಲ್ಲಿ ಕೆಲವರು ಮಾತ್ರ ಕೊಳ್ಳುವಂತಿದ್ದರೆ ನಾನು ಒಂದು ಒರಟು ಲೆಕ್ಕ ಬಳಸುತ್ತೇನೆ. ಎರಡೂ ಎಣಿಕೆಗಳನ್ನು ಕೂಡಿ ವರ್ಗಮೂಲ ತೆಗೆದು ಇಮ್ಮಡಿ ಮಾಡಬೇಕು. ಎಣಿಕೆಗಳ ಅಂತರ ಅದಕ್ಕಿಂತ ಹೆಚ್ಚಿದ್ದರೆ ನಂಬಬಹುದು. ನಿಮ್ಮಲ್ಲಿ 31 ಮತ್ತು 19 ಸೇರಿ 50. ಅದರ ವರ್ಗಮೂಲ ಸುಮಾರು 7, ಇಮ್ಮಡಿಸಿದರೆ 14. ನಿಮ್ಮ ಅಂತರ 12. ದಡದ ಹತ್ತಿರ ಬಂದಿದ್ದೀರಿ, ಆದರೆ ಇನ್ನೂ ಮುಟ್ಟಿಲ್ಲ. ಎರಡು ಕ್ಯಾಪ್ಷನ್‌ಗಳಲ್ಲಿ ಯಾವ ಭೇದವೂ ಇಲ್ಲದಿದ್ದರೂ, ಬರೀ ಚೀಟಿಯ ಆಟದಿಂದ ಇಷ್ಟು ಅಂತರ ಆಗೊಮ್ಮೆ ಈಗೊಮ್ಮೆ ಬರುತ್ತದೆ.

ಕೆರೆಗೆಳೆಯರು

ನಮ್ಮದು ಇನ್ನೂ ಚಿಕ್ಕ ಲೆಕ್ಕ. ನಾವು ಭಾನುವಾರ ಕೆರೆ ಸ್ವಚ್ಛಗೊಳಿಸಲು ಜನರನ್ನು ಕರೆಯುತ್ತೇವೆ. ಪಟ್ಟಿಯಲ್ಲಿ 60 ಜನರಿದ್ದಾರೆ, ಬರುವವರು ಸಾಮಾನ್ಯವಾಗಿ 8 ಜನ. "ಬನ್ನಿ, ಕೆರೆ ಉಳಿಸೋಣ" ಎಂದು 30 ಜನರಿಗೂ, "ಬೆಳಗ್ಗೆ 6:30ರಿಂದ 8, ಕೈಗವಸು ನಾವೇ ಕೊಡುತ್ತೇವೆ" ಎಂದು 30 ಜನರಿಗೂ ಕಳುಹಿಸಿದೆವು. ಮೊದಲನೆಯದರಿಂದ 3, ಎರಡನೆಯದರಿಂದ 5 ಜನ ಬಂದರು. ಅಂದಿನಿಂದ ಎರಡನೆಯದನ್ನೇ ಬಳಸುತ್ತಿದ್ದೇವೆ. ಇದು ತಪ್ಪೇ?

ಲೆಕ್ಕದಮೇಷ್ಟ್ರು

ಬಳಸುವುದು ತಪ್ಪಲ್ಲ, ಅದು ಕೆಲಸ ಮಾಡುತ್ತದೆಂದು ಸಾಬೀತಾಯಿತು ಎನ್ನುವುದು ತಪ್ಪು. ಒಟ್ಟು ಎಂಟೇ ಜನ ಬರುವಲ್ಲಿ, ನನ್ನ ಒರಟು ಲೆಕ್ಕದ ಪ್ರಕಾರ 7–1 ಬಂದರೆ ಮಾತ್ರ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ನಿಮ್ಮಷ್ಟು ಜನರಿರುವಾಗ ಪದಗಳ ಸಣ್ಣ ಬದಲಾವಣೆಯನ್ನು ಅಳೆಯಲು ಹೊರಡಬೇಡಿ. ಎಂಟು ಜನರಿಗೇ "ಯಾವ ಮಾತು ಓದಿ ಬಂದಿರಿ?" ಎಂದು ಕೇಳಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ.

ಜಾಹೀರಾತು_ಜಯನಗರ

ಬೆಲೆ ಬರೆದದ್ದಕ್ಕೇ ಆರ್ಡರ್ ಹೆಚ್ಚಾಯಿತು ಎಂದು ಈಗ ಹೇಳಬಹುದಲ್ಲವೇ? ಅಂತರ ದಡ ಮುಟ್ಟದಿದ್ದರೂ ದಿಕ್ಕು ಸ್ಪಷ್ಟವಾಗಿದೆ.

ಲೆಕ್ಕದಮೇಷ್ಟ್ರು

ಹೇಳಲಾಗದು. ಎರಡನೆಯ ಕ್ಯಾಪ್ಷನ್‌ನಲ್ಲಿ ಇದ್ದದ್ದು ಬೆಲೆಯೊಂದೇ ಅಲ್ಲ. ಬೆಳಗ್ಗೆ 7ರೊಳಗೆ ಮನೆಗೆ ಬರುತ್ತದೆ ಎಂಬುದೂ ಇತ್ತು. ಬೆಳಗ್ಗೆ ಎದ್ದು ಉಪ್ಪಿಟ್ಟಿಗೋ ಸಾರಿಗೋ ಬೇಳೆ ಬೇಕಾದವರಿಗೆ ಆ ಮಾತೇ ದೊಡ್ಡದಾಗಿರಬಹುದು. ಎರಡರಲ್ಲಿ ಯಾವುದನ್ನು ಬಳಸಲಿ ಎಂಬುದಷ್ಟೇ ಪ್ರಶ್ನೆಯಾದರೆ ಹೀಗೆ ಇಡಿಯಾಗಿ ಬೇರೆ ಇರುವ ಕ್ಯಾಪ್ಷನ್‌ಗಳನ್ನು ಹೋಲಿಸುವುದರಲ್ಲಿ ತಪ್ಪಿಲ್ಲ. ಏಕೆ ಎಂದು ತಿಳಿಯಬೇಕಾದರೆ ಒಂದೇ ಒಂದು ಮಾತು ಬದಲಾಗಿರಬೇಕು. ಆ ಮಾತು ಮೊದಲ ಎರಡು ಸಾಲಿನಲ್ಲೇ ಇರಬೇಕು. ಇನ್‌ಸ್ಟಾಗ್ರಾಂನಲ್ಲಿ ಉಳಿದ ಸಾಲುಗಳು ಒತ್ತಿದರೆ ಮಾತ್ರ ತೆರೆಯುತ್ತವೆ. ನಾಲ್ಕನೆಯ ಸಾಲನ್ನು ಬದಲಿಸಿ ಹೋಲಿಸಿದರೆ ಹೆಚ್ಚಿನವರು ಓದದೇ ಇರುವುದನ್ನು ಹೋಲಿಸಿದಂತಾಗುತ್ತದೆ.

ಅಮ್ಮ, ನೀವು ಇನ್ನೂ ಎರಡು ಸುತ್ತು ಮಾಡುವುದಾದರೆ ಈಗಲೇ "ಒಟ್ಟು ಮೂರು ಸುತ್ತು" ಎಂದು ಆ ಕಾಗದದಲ್ಲಿ ಬರೆದುಬಿಡಿ. ಬೇಕಾದ ಅಂಕಿ ಬರುವವರೆಗೆ ಮಾಡುತ್ತಾ ಹೋಗಿ, ಬಂದ ಕೂಡಲೇ ನಿಲ್ಲಿಸಬಾರದು. ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿ ಪಾಲು ಮಾಡಿ.

ಗಾಂಧಿಬಜಾರ್_ಅವರೆ

ಜನವರಿಯ ಮೊದಲ ಶನಿವಾರ ಎರಡನೆಯ ಸುತ್ತು ಮುಗಿಯಿತು. ಲಿಸ್ಟ್ ಹೊಸದಾಗಿ ಕಲಸಿದ್ದೆ. ಘಮದ ಕ್ಯಾಪ್ಷನ್‌ಗೆ 24 ಮನೆ, ಬೆಲೆಯ ಕ್ಯಾಪ್ಷನ್‌ಗೆ 29 ಮನೆ. ಈ ಸಲ ಅಂತರ ಬರೀ ಐದು. ನನಗೆ ನಿರಾಸೆಯಾಯಿತು.

ಲೆಕ್ಕದಮೇಷ್ಟ್ರು

ಮೊದಲ ಸುತ್ತಿನಲ್ಲಿ ದೊಡ್ಡದಾಗಿ ಕಂಡ ಅಂತರ ಎರಡನೆಯದರಲ್ಲಿ ಕುಗ್ಗುವುದು ತೀರಾ ಸಾಮಾನ್ಯ. ಮೊದಲ ಸಲದ 12ರಲ್ಲಿ ಸ್ವಲ್ಪ ಭಾಗ ಅದೃಷ್ಟದ್ದಾಗಿತ್ತು ಎಂದು ತಿಳಿಯಿರಿ. ಎರಡೂ ಸೇರಿ 60 ಮತ್ತು 43, ಅಂತರ 17. ಬೇಕಾದದ್ದು 20ಕ್ಕಿಂತ ಹೆಚ್ಚು. ಕೆಲವು ಮನೆಗಳು ಎರಡೂ ಸುತ್ತಿನಲ್ಲಿ ಆರ್ಡರ್ ಮಾಡಿರಬಹುದಾದ್ದರಿಂದ ಈ ಕೂಡಿದ ಲೆಕ್ಕ ಅಷ್ಟು ಶುದ್ಧವಲ್ಲ ಎಂಬುದನ್ನೂ ಹೇಳಬೇಕು.

ಗಾಂಧಿಬಜಾರ್_ಅವರೆ

ಮಗಳು ಹಳಬರನ್ನು ಮಾತ್ರ ಬೇರೆ ಮಾಡಿ ನೋಡಿದಳು. ಎರಡನೆಯ ಸುತ್ತಿನಲ್ಲಿ ಹಳಬರ ಪೈಕಿ ಘಮದ್ದಕ್ಕೆ 15, ಬೆಲೆಯದ್ದಕ್ಕೆ 11. ಹಾಗಾದರೆ ಹಳಬರಿಗೆ ಘಮದ್ದನ್ನೂ ಹೊಸಬರಿಗೆ ಬೆಲೆಯದ್ದನ್ನೂ ಕಳುಹಿಸೋಣ ಎನ್ನುತ್ತಾಳೆ. ಹಳಬರಿಗೆ ಬೆಲೆ ಮೊದಲೇ ಗೊತ್ತಿರುವುದರಿಂದ ನನಗೂ ಅದು ಸರಿ ಎನಿಸುತ್ತದೆ.

ಜಾಹೀರಾತು_ಜಯನಗರ

ಇದು ಒಳ್ಳೆಯ ಯೋಚನೆ. ನಾನಾಗಿದ್ದರೆ ನಾಳೆಯೇ ಹಾಗೆ ಮಾಡುತ್ತಿದ್ದೆ.

ಲೆಕ್ಕದಮೇಷ್ಟ್ರು

ಕಾರಣ ಚೆನ್ನಾಗಿದೆ, ಆದರೆ ಅಂಕಿ ನೋಡಿದ ಮೇಲೆ ಹುಟ್ಟಿದ ಕಾರಣ ಅದು. ಹಳಬರು ಹೊಸಬರು, ಜಯನಗರದವರು ಚಾಮರಾಜಪೇಟೆಯವರು, ಬೆಳಗ್ಗೆ ಓದಿದವರು ರಾತ್ರಿ ಓದಿದವರು ಎಂದು ಒಡೆಯುತ್ತಾ ಹೋದರೆ ಎಲ್ಲೋ ಒಂದು ತುಂಡಿನಲ್ಲಿ ತಿರುವುಮುರುವು ಕಂಡೇ ಕಾಣುತ್ತದೆ. 15 ಮತ್ತು 11 ಎಂಬುದು 26ರಲ್ಲಿ ನಾಲ್ಕರ ಅಂತರ, ಅಷ್ಟೆ. ಮೂರನೆಯ ಸುತ್ತಿಗೆ ಮೊದಲೇ "ಹಳಬರಲ್ಲಿ ಘಮದ್ದು ಮುಂದೆ ಬರುತ್ತದೆ" ಎಂದು ಕಾಗದದಲ್ಲಿ ಬರೆದಿಟ್ಟು ಆಮೇಲೆ ನೋಡಿ. ಆಗಲೂ ಬಂದರೆ ನಾನು ನಿಮ್ಮ ಮಗಳ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೊದಲ ಸುತ್ತಿನಲ್ಲಿ ಹಳಬರ ಲೆಕ್ಕ ಹೇಗಿತ್ತು?

ಗಾಂಧಿಬಜಾರ್_ಅವರೆ

ಈಗ ತೆಗೆದು ನೋಡಿದೆ. ಮೊದಲ ಸುತ್ತಿನಲ್ಲಿ ಹಳಬರು ಘಮದ್ದಕ್ಕೆ 12, ಬೆಲೆಯದ್ದಕ್ಕೆ 16. ಅಂದರೆ ಉಲ್ಟಾ.

ಮೂರನೆಯ ಸುತ್ತನ್ನು ಸಂಕ್ರಾಂತಿ ಮುಗಿದ ಮೇಲಿನ ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ. ಹಬ್ಬದ ವಾರ ಎಲ್ಲರೂ ಹೇಗೂ ಅವರೆ ಕೊಳ್ಳುತ್ತಾರೆ, ಆಗ ಯಾವ ಮಾತು ಬರೆದರೂ ನಡೆಯುತ್ತದೆ. ಮಗಳ ಊಹೆಯನ್ನು ಅವಳ ಕೈಯಿಂದಲೇ ಬರೆಸಿ ಫ್ರಿಜ್‌ಗೆ ಅಂಟಿಸಿದ್ದೇನೆ. ಅಲ್ಲಿಯವರೆಗೆ ಇನ್‌ಸ್ಟಾಗ್ರಾಂನಲ್ಲಿ ಬೆಲೆಯ ಕ್ಯಾಪ್ಷನ್ನನ್ನೇ ಹಾಕುತ್ತೇನೆ. ಅದು ಗೆದ್ದಿದೆ ಎಂದಲ್ಲ, "ಎಷ್ಟಮ್ಮ?" ಎಂದು ಕೇಳುವವರಿಗೆ ಬೇಳೆ ಹಿತಕುತ್ತಿರುವ ಒದ್ದೆ ಕೈಯಲ್ಲಿ ಉತ್ತರ ಬರೆಯುವುದು ತಪ್ಪುತ್ತದೆ.

ಸಂಜೆಪೋಸ್ಟ್

ಮೇಷ್ಟ್ರೇ, ನೀವು ಹೇಳಿದಂತೆ ಒಂದೇ ಕ್ಯಾಪ್ಷನ್ನನ್ನು ಮುಟ್ಟದೆ ನಾಲ್ಕು ಗಂಟೆ ಬಿಟ್ಟು ನೋಡಿದೆ. ಮೊದಲ ಎರಡು ಗಂಟೆಯಲ್ಲಿ 118 ಲೈಕ್, ಮುಂದಿನ ಎರಡರಲ್ಲಿ 41. ಕಳೆದ ವರ್ಷ ಇಡೀ ನಾನು "ಗೆದ್ದಿತು" ಎಂದು ಇಟ್ಟುಕೊಂಡ ಕ್ಯಾಪ್ಷನ್‌ಗಳ ಪಟ್ಟಿಯನ್ನು ಈಗ ಏನು ಮಾಡಲಿ?

ಲೆಕ್ಕದಮೇಷ್ಟ್ರು

ಪಟ್ಟಿ ಇರಲಿ, ಸರ್. ಅದರಲ್ಲಿ ಎರಡನೆಯದಾಗಿ ಹಾಕಿಯೂ ಮೊದಲನೆಯದಕ್ಕಿಂತ ಹೆಚ್ಚು ಲೈಕ್ ಪಡೆದ ಕ್ಯಾಪ್ಷನ್ ಏನಾದರೂ ಇದ್ದರೆ ಅದನ್ನು ಮಾತ್ರ ಬೇರೆ ತೆಗೆದಿಡಿ. ಮರು ಪರೀಕ್ಷೆಯನ್ನು ಅಲ್ಲಿಂದ ಶುರು ಮಾಡಬಹುದು.